ಪಾವು, ಸೆರೆ, ಮೊಳ

ಓಕಳಿಪುರಂನ ಬೀದಿಗಳಲ್ಲಿ ನವೆಂಬರ್ ಬಂತೆಂದರೆ ಪೆಂಡಾಲು ಏಳುತ್ತದೆ. ಭುವನೇಶ್ವರಿಯ ಪಟ, ಹಳದಿ ಕೆಂಪು ಬಾವುಟ, ಮೈಕು; ಮಾತಿನ ನಡುವೆ ಸಿಟಿ ರೈಲ್ವೆ ಸ್ಟೇಷನ್ ಕಡೆಯಿಂದ ರೈಲಿನ ಕೂಗು. ಅಂಥದೊಂದು ಪೆಂಡಾಲಿನಲ್ಲಿ ಮರೆಯಾಗುತ್ತಿರುವ ದಿನಬಳಕೆಯ ಪದಗಳ ಬಗ್ಗೆ ಮಾತಾಡಬೇಕೆಂದು ನನ್ನನ್ನು ಕರೆದಿದ್ದರು. ಇಂಥ ಭಾಷಣಕ್ಕೆ ರೂಢಿಯ ದಾರಿಯೊಂದಿದೆ. ಒರಳು, ಒನಕೆ, ನೆಲುವು, ಗುಡಾಣ ಎಂದು ಹೆಸರುಗಳನ್ನು ಒಂದರ ಹಿಂದೊಂದು ಹೇಳುತ್ತ ಹೋಗುವುದು, ಹಿರಿಯರು ತಲೆದೂಗುವುದು, ಮಕ್ಕಳು ಸಿಹಿ ಹಂಚುವುದು ಯಾವಾಗ ಎಂದು ನೋಡುವುದು. ನಾನು ಹಾಗೆ ಮಾಡದೆ ಒಂದೇ ಕುಲದ ಪದಗಳನ್ನು ಆರಿಸಿಕೊಂಡೆ. ಅವು ಅಳತೆಯ ಪದಗಳು.

ಅದಕ್ಕೆ ಕಾರಣವಿತ್ತು. ರಾಜ್ಯೋತ್ಸವ ನೆನಪಿಸುವುದು 1956ನೇ ಇಸವಿಯನ್ನು. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾದ ಆ ವರ್ಷವೇ ದೇಶದಲ್ಲಿ ಹೊಸ ತೂಕ ಮತ್ತು ಅಳತೆಯ ಕಾಯ್ದೆಯೂ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಅಂಗಡಿಗಳಿಗೆ ಕಿಲೋಗ್ರಾಂ, ಲೀಟರು, ಮೀಟರು ಕಾಲಿಟ್ಟವು. ಊರೂರಿಗೆ ಬೇರೆಯಾಗಿದ್ದ ಸೇರು ಹೋಗಿ ಎಲ್ಲರಿಗೂ ಒಂದೇ ಅಳತೆ ಬಂದದ್ದು ನ್ಯಾಯವೇ. ಆದರೆ ಅಂಗಡಿಯಿಂದ ಹೊರಟ ಅಳತೆ ನಿಧಾನವಾಗಿ ನಾಲಿಗೆಯಿಂದಲೂ ಹೊರಟಿತು.

ಹಳೆಯ ಮೈಸೂರಿನ ಮನೆಗಳ ಲೆಕ್ಕ ಬಲು ಸರಳ. ಎರಡು ಚಟಾಕು ಸೇರಿದರೆ ಅರೆಪಾವು. ಎರಡು ಅರೆಪಾವು ಒಂದು ಪಾವು. ಎರಡು ಪಾವು ಒಂದು ಅಚ್ಚೇರು, ಎಂದರೆ ಅರ್ಧ ಸೇರು. ಎರಡು ಅಚ್ಚೇರು ಒಂದು ಸೇರು. ಪ್ರತಿ ಮೆಟ್ಟಿಲೂ ಹಿಂದಿನದರ ಎರಡರಷ್ಟು. ಓದು ಬರಹ ಬಾರದವರೂ ಇದರಲ್ಲಿ ತಪ್ಪುತ್ತಿರಲಿಲ್ಲ. ಇವು ತೂಕವಲ್ಲ, ಪಾತ್ರೆಯ ಅಳತೆ. ಆದ್ದರಿಂದ ಪಾತ್ರೆಯನ್ನು ತುಂಬುವ ಬಗೆಯೂ ಮುಖ್ಯ: ಮೇಲೆ ರಾಶಿ ಬರುವಂತೆ ತುಂಬಿದರೆ ಒಂದು ಅಳತೆ, ಅಂಗೈಯಿಂದ ಬಾಯಿಮಟ್ಟಕ್ಕೆ ಸವರಿದರೆ ಇನ್ನೊಂದು. ಕಣದಲ್ಲಿ ಧಾನ್ಯ ಅಳೆಯುವಾಗ ಮೊದಲನೆಯದನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಕರೆದು, ಆಮೇಲೆ ಎರಡು, ಮೂರು ಎಂದು ಎಣಿಸುವ ರೂಢಿಯೂ ಇತ್ತು.

ಈ ಪದಗಳು ಹೋದರೆ ನಷ್ಟವೇನು ಎಂದು ಸಭೆಯಲ್ಲಿ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ನಾನು ಅವನಿಗೆ ಒಂದು ಅಡುಗೆಯನ್ನೇ ಉತ್ತರವಾಗಿ ಕೊಟ್ಟೆ. ಹಳೆಯ ನೋಟುಬುಕ್ಕಿನಲ್ಲಿ ಬಿಸಿಬೇಳೆ ಹುಳಿಯನ್ನಕ್ಕೆ ಹೀಗೆ ಬರೆದಿದೆ ಎಂದುಕೋ: ಅಚ್ಚೇರು ಅಕ್ಕಿ, ಪಾವು ತೊಗರಿಬೇಳೆ, ಒಂದು ಬೊಗಸೆ ಅವರೆಕಾಳು, ನಿಂಬೆಗಾತ್ರ ಹುಣಸೆಹಣ್ಣು, ಚಿಟಿಕೆ ಇಂಗು. ಅಚ್ಚೇರು ತಿಳಿಯದವನು ಅದನ್ನು ಸೇರಿನದೇ ಇನ್ನೊಂದು ಹೆಸರು ಎಂದುಕೊಂಡರೆ ಅಕ್ಕಿ ದುಪ್ಪಟ್ಟಾಗುತ್ತದೆ. ಎರಡಕ್ಕೆ ಒಂದು ಇರಬೇಕಾದ ಅಕ್ಕಿ ಬೇಳೆ ನಾಲ್ಕಕ್ಕೆ ಒಂದಾಗಿ, ತಟ್ಟೆಗೆ ಬರುವುದು ಬೇಳೆಯ ಜಿಗುಟಿಲ್ಲದ, ಹುಳಿ ಖಾರ ಹತ್ತದ ಅನ್ನ. ತಿಳಿದವನಿಗೆ ಸೇರೂ ಬೇಕಿಲ್ಲ, ಪಾವೂ ಬೇಕಿಲ್ಲ. ಅಚ್ಚೇರೆಂದರೆ ಎರಡು ಪಾವು ಎಂದು ಗೊತ್ತಿದ್ದರೆ, ಕುಕ್ಕರಿನ ಜೊತೆ ಬಂದ ಪುಟ್ಟ ಕಪ್ಪಿನಲ್ಲೇ ಎರಡು ಅಕ್ಕಿ, ಒಂದು ಬೇಳೆ ಹಾಕುತ್ತಾನೆ. ಅದರ ಅಂದಾಜಿಗೆ ಉಳಿದದ್ದನ್ನೂ ಇಳಿಸಿಕೊಳ್ಳುತ್ತಾನೆ. ಹಳೆಯ ಅಡುಗೆಯ ಬರಹದಲ್ಲಿ ಪದ ಕಾಯುತ್ತಿದ್ದದ್ದು ಈ ಪ್ರಮಾಣವನ್ನು.

ಗಾದೆಯ ಮಾತಿಗೂ ಇದೇ ಗತಿ. ‘ಸೇರಿಗೆ ಸವ್ವಾಸೇರು’ ಎಂದು ಇವತ್ತಿಗೂ ಎಲ್ಲರೂ ಹೇಳುತ್ತಾರೆ. ಸವ್ವಾ ಎಂದರೆ ಒಂದೂಕಾಲು. ಅವನು ನಾಲ್ಕು ಪಾವಾದರೆ ಇವನು ಐದು ಪಾವು. ಮೇಲುಗೈ ಒಂದೇ ಪಾವಿನದು. ಇಬ್ಬರೂ ಹತ್ತಿರ ಹತ್ತಿರದ ಸಮಬಲರು ಎಂಬುದೇ ಗಾದೆಯ ಜೀವ. ಪಾವು ಮರೆತವರ ಬಾಯಲ್ಲಿ ಅದು ಬರೀ ಜಂಬದ ಮಾತಾಗಿದೆ.

ಇಷ್ಟಾದ ಮೇಲೆ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬಂದೆ. ಮರೆಯಾಗುವ ಪದಗಳೆಲ್ಲ ಒಂದೇ ತೆರನಲ್ಲ. ಪಾವು, ಚಟಾಕು ಹೋದದ್ದು ಪಾತ್ರೆ ಹೋದದ್ದರಿಂದ. ಪಾತ್ರೆಯಿಲ್ಲದೆ ಅವನ್ನು ದಿನದ ಮಾತಿಗೆ ಮರಳಿ ತರುವುದು ಆಗದ ಕೆಲಸ. ಅರ್ಥವನ್ನು ಸರಿಯಾಗಿ ಬರೆದಿಟ್ಟರೆ ಸಾಕು. ಆದರೆ ಅಳೆಯುವ ಸಾಧನ ನಮ್ಮ ಮೈಯಲ್ಲೇ ಇದ್ದೂ ಪದ ಹೋಗುತ್ತಿದೆಯಲ್ಲ, ಅದು ನಮ್ಮ ಉದಾಸೀನ.

ಮಕ್ಕಳಿಗೆ ಕೈ ಮುಂದೆ ಚಾಚಲು ಹೇಳಿದೆ. ಹೆಬ್ಬೆರಳು, ತೋರುಬೆರಳ ತುದಿ ಸೇರಿಸಿ ಎತ್ತಿದರೆ ಚಿಟಿಕೆ. ಐದು ಬೆರಳು ಮಡಚಿ ಹಿಡಿದಷ್ಟು ಹಿಡಿ. ಒಂದೇ ಅಂಗೈಯನ್ನು ಗುಳಿ ಮಾಡಿದರೆ ಅದರೊಳಗೆ ನಿಂತಷ್ಟು ಸೆರೆ. ಎರಡೂ ಅಂಗೈ ಜೋಡಿಸಿ ಗುಳಿ ಮಾಡಿದರೆ ಬೊಗಸೆ. ಇವುಗಳಲ್ಲಿ ಸೆರೆಯೇ ಎಲ್ಲಕ್ಕಿಂತ ಮೊದಲು ಹೋಗುತ್ತಿದೆ. ಮಕ್ಕಳಿಗೆ ಸೆರೆ ಎಂದರೆ ಸೆರೆಮನೆ ಮಾತ್ರ. ಸೆರೆ ಹೋದ ಕೂಡಲೇ ಹಿಡಿ, ಸೆರೆ, ಬೊಗಸೆ ಮೂರೂ ಕಲಸಿಹೋಗಿ ‘ಸ್ವಲ್ಪ’ ಎಂಬ ಒಂದೇ ಪದ ಉಳಿಯುತ್ತದೆ. ಹಿಡಿಯಲ್ಲಿ ನೀರು ನಿಲ್ಲದು, ಸೆರೆಯಲ್ಲಿ ನಿಲ್ಲುತ್ತದೆ. ಈ ವ್ಯತ್ಯಾಸ ಹೇಳಲು ‘ಸ್ವಲ್ಪ’ದಿಂದ ಆಗದು.

ಉದ್ದಕ್ಕೂ ಕೈಯೇ ಅಳತೆ. ಹೆಬ್ಬೆರಳಿನಿಂದ ತೋರುಬೆರಳ ತುದಿಯವರೆಗೆ ಚಾಚಿದರೆ ಚೋಟು, ಕಿರುಬೆರಳವರೆಗೆ ಚಾಚಿದರೆ ಗೇಣು. ಎರಡು ಗೇಣು ಒಂದು ಮೊಳ, ಮೊಣಕೈಯಿಂದ ನಡುಬೆರಳ ತುದಿಯವರೆಗೆ. ನಾಲ್ಕು ಮೊಳ ಒಂದು ಮಾರು, ಎರಡೂ ತೋಳು ಅಗಲಿಸಿದಷ್ಟು. ಒಬ್ಬ ಹುಡುಗಿ ತನ್ನ ಗೇಣನ್ನೇ ಮೊಣಕೈಯಿಂದ ಬೆರಳ ತುದಿಗೆ ಎರಡು ಸಲ ಇಟ್ಟು ನೋಡಿದಳು, ಸರಿಹೋಯಿತು. ಅವಳ ಗೇಣು ಚಿಕ್ಕದು, ಅವಳ ಮೊಳವೂ ಚಿಕ್ಕದು. ಹತ್ತು ಜನಕ್ಕೆ ಹತ್ತು ಮೊಳ, ಇದೇ ಈ ಅಳತೆಯ ಮಿತಿ. ಸೈಟು ಅಳೆಯಲು ಇದು ಬೇಡ. ಆದರೆ ಗಿಡಕ್ಕೂ ಗಿಡಕ್ಕೂ ಎಷ್ಟು ಅಂತರ ಬಿಡಬೇಕು, ಹಗ್ಗ ಎಷ್ಟು ಬೇಕು ಎಂದು ಹೇಳಲು ಇದಕ್ಕಿಂತ ಹತ್ತಿರದ ಸಾಧನ ಇಲ್ಲ.

ಮೊಳ ಮಾತ್ರ ನಮ್ಮ ಕಣ್ಣೆದುರೇ ಗಟ್ಟಿಯಾಗಿ ಬದುಕಿದೆ. ಮಲ್ಲೇಶ್ವರದ ಮಾರುಕಟ್ಟೆಗೆ ಹೋಗಿ, ಗಾಂಧಿ ಬಜಾರಿಗೆ ಹೋಗಿ, ಕಟ್ಟಿದ ಮಲ್ಲಿಗೆಯನ್ನು ಮೀಟರಿನಲ್ಲಿ ಕೇಳುವವರು ಸಿಗುವುದಿಲ್ಲ. ಹೂವಮ್ಮ ಮೊಣಕೈಯಿಂದ ಬೆರಳಿಗೆ ಹೂಮಾಲೆ ಎಳೆದು ಅಳೆಯುವವರೆಗೆ ಆ ಪದಕ್ಕೆ ಸಾವಿಲ್ಲ. ಸಭೆಯಲ್ಲಿದ್ದ ತಮಿಳು ಮನೆಮಾತಿನ ಅಮ್ಮನೊಬ್ಬರು ಕೂತಲ್ಲಿಂದಲೇ ‘ಮುಳಂ’ ಎಂದರು. ತೆಲುಗಿನವರು ‘ಮೂರ’ ಎಂದರು. ನಾಡಿನ ಹಬ್ಬಕ್ಕೆ ಬಂದ ಮೂರು ಮನೆಮಾತಿನವರಿಗೂ ಆ ಹೊತ್ತಿನಲ್ಲಿ ಅಳತೆ ಒಂದೇ ಆಗಿತ್ತು. ಅಕ್ಕಪಕ್ಕದ ಭಾಷೆಗಳು ತಮ್ಮ ಪದ ಉಳಿಸಿಕೊಂಡಿರುವುದೂ ನಮ್ಮ ಪದಕ್ಕೆ ಆಸರೆ ಎಂದು ನನಗೆ ಅಲ್ಲಿ ಅನಿಸಿತು.

ಹತ್ತಿರದ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಪ್ರಕಟಿಸಿದ ಎಂಟು ಸಂಪುಟಗಳ ನಿಘಂಟು ನಮಗಿದೆ. ನಿಘಂಟು ಪದದ ಅರ್ಥ ಕೊಟ್ಟೀತು. ನಿಮ್ಮ ಮನೆಯ ಪಾವಿನಲ್ಲಿ ಎಷ್ಟು ಅಕ್ಕಿ ಹಿಡಿಯುತ್ತಿತ್ತು ಎಂದು ಅದು ಹೇಳಲಾರದು. ಅದನ್ನು ನೀವೇ ಬರೆಯಬೇಕು. ಅಟ್ಟದ ಮೇಲೆ ಹಿತ್ತಾಳೆಯದೋ ಕಬ್ಬಿಣದ್ದೋ ಪಾವು ಉಳಿದಿದ್ದರೆ ಇಳಿಸಿ, ತೊಳೆದು, ಬಾಯಿಮಟ್ಟ ನೀರು ತುಂಬಿ, ಗೆರೆಯಿರುವ ಅಳತೆಯ ಲೋಟಕ್ಕೆ ಸುರಿಯಿರಿ. ಎಷ್ಟು ಮಿಲಿ ಬಂತೆಂದು ಅಜ್ಜಿಯ ಅಡುಗೆ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ, ಊರಿನ ಹೆಸರನ್ನೂ ಸೇರಿಸಿ. ಮಗುವಿಗೆ ಕಡಲೆಕಾಯಿ ಕೊಡುವಾಗ ‘ಒಂದು ಸೆರೆ ತಗೋ’ ಎನ್ನಿ, ಕೈ ಗುಳಿ ಮಾಡುವುದನ್ನು ತೋರಿಸಿ. ಮೊದಲನೆಯದನ್ನು ಒಮ್ಮೆ ಮಾಡಿದರೆ ಸಾಕು; ಎರಡನೆಯದನ್ನು ದಿನವೂ ಮಾಡಬೇಕು.