ಯುಗಾದಿಗೆ ಬಾರದ ಟ್ಯಾಂಕರ್ ಪಟ್ಟಿಯಲ್ಲಿ ಬಂದಿತ್ತು

2024ರ ಬೇಸಿಗೆಯಲ್ಲಿ ನಮ್ಮ ಭಾಗದ ಒಂದು ಊರಿಗೆ ಕುಡಿಯುವ ನೀರು ಬರುತ್ತಿದ್ದದ್ದು ಟ್ಯಾಂಕರಿನಲ್ಲಿ. ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಟ್ಯಾಂಕರ್ ಈ ಕಡೆ ತಲೆ ಹಾಕಲೇ ಇಲ್ಲ, ಯುಗಾದಿಗೂ ತೋಟದ ಬೋರ್‌ವೆಲ್‌ನಿಂದ ಹೊತ್ತು ತಂದೆವು ಎಂದು ಹೆಂಗಸರು ಹೇಳುತ್ತಿದ್ದರು. ಟ್ಯಾಂಕರಿನವರು ಒಂದು ವಾರವೂ ತಪ್ಪಿಸಿಲ್ಲ ಎನ್ನುತ್ತಿದ್ದರು. ಜೂನ್‌ನಲ್ಲಿ ಸುದ್ದಿ ಬರೆಯಲು ಕೂತಾಗ ನಮಗೆ ಬೇಕಾಗಿದ್ದದ್ದು ಟ್ಯಾಂಕರ್ ಯಾವ ಯಾವ ದಿನ ಬಂತು ಎಂಬ ಪಟ್ಟಿ, ಅದೂ ದಿನಾಂಕದ ಸಾಲಿನಲ್ಲಿ.

ಊರಿನ ಹುಡುಗನೊಬ್ಬ ಅಂಥ ಪಟ್ಟಿಯನ್ನು ಗೂಗಲ್ ಶೀಟ್ಸ್‌ನಲ್ಲಿ ಮಾಡಿ ಕಳಿಸಿದ. ಸ್ವಸಹಾಯ ಸಂಘದ ಪುಸ್ತಕ, ನೀರುಗಂಟಿಯ ಡೈರಿ, ವಾಟ್ಸ್‌ಆ್ಯಪ್ ಗ್ರೂಪಿನ ಸಂದೇಶಗಳು, ಮೂರೂ ಸೇರಿ 61 ಸಾಲು. ಒಬ್ಬರು 28/03/2024 ಎಂದು ಬರೆದಿದ್ದರೆ ಇನ್ನೊಬ್ಬರು 4-5-24, ಮತ್ತೊಬ್ಬರು 16.4.2024. ಕೆಲವು ಕಡೆ ಕನ್ನಡ ಅಂಕಿ. ಕಾಗದದ ಮೇಲೆ ಇದ್ದರೆ ಇದು ಯಾರಿಗೂ ತೊಂದರೆಯಲ್ಲ, ನಮ್ಮ ಕಡೆ ಎಲ್ಲರೂ ಮೊದಲು ದಿನ, ಆಮೇಲೆ ತಿಂಗಳು ಬರೆಯುತ್ತಾರೆ. ಆದರೆ ಆ ಶೀಟಿನ ಸೆಟ್ಟಿಂಗ್ಸ್‌ನಲ್ಲಿ ದೇಶ ಅಮೆರಿಕ ಎಂದಿತ್ತು. ಅಮೆರಿಕದಲ್ಲಿ ಮೊದಲು ತಿಂಗಳು ಬರೆಯುತ್ತಾರೆ.

ಸಾರ್ಟ್ ಮಾಡಿದ ಆ ಪಟ್ಟಿಯಲ್ಲಿ 2024ರ ಏಪ್ರಿಲ್ 5ಕ್ಕೆ ಟ್ಯಾಂಕರ್ ಬಂದಿತ್ತು. ಹೆಂಗಸರು ಬರಲೇ ಇಲ್ಲ ಎಂದ ದಿನಗಳ ನಟ್ಟನಡುವೆ, ಯುಗಾದಿಗೆ ನಾಲ್ಕು ದಿನ ಮೊದಲು. ಅದನ್ನು ಹಾಗೇ ನಂಬಿ ಬರೆದಿದ್ದರೆ ಊರವರ ಮಾತು ಸುಳ್ಳಾಗುತ್ತಿತ್ತು.

ಅನುಮಾನ ಬಂದದ್ದು ಪಟ್ಟಿಯ ಇನ್ನೊಂದು ಸಾಲಿನಿಂದ. ಡಿಸೆಂಬರ್ 3, 2024. ನಾವು ಕೂತಿದ್ದದ್ದು ಜೂನ್‌ನಲ್ಲಿ! ಮಾರ್ಚ್ 12 ಎಂದು ನೀರುಗಂಟಿ ಬರೆದ 12/03/2024 ಹೀಗೆ ತಿರುಗಿ ಕೂತಿತ್ತು. ಆಮೇಲೆ ಕಾಲಂ ಅನ್ನು ಮೇಲಿನಿಂದ ಕೆಳಗೆ ನೋಡಿದರೆ ಕೆಲವು ದಿನಾಂಕ ಮನೆಯ ಬಲಗಡೆಗೆ ಅಂಟಿಕೊಂಡಿವೆ, ಕೆಲವು ಎಡಗಡೆಗೆ. ಇದನ್ನು ನೀವು ಫೋನಿನಲ್ಲೂ ಕಾಣಬಹುದು. ಬಲಕ್ಕಿರುವುದನ್ನು ಶೀಟು ದಿನಾಂಕ ಎಂದು ಒಪ್ಪಿಕೊಂಡಿದೆ, ಎಡಕ್ಕಿರುವುದು ಅದರ ಪಾಲಿಗೆ ಬರೀ ಅಕ್ಷರ. (ಯಾರಾದರೂ ಕೈಯಾರೆ ಎಡ-ಬಲ ಬದಲಿಸಿದ್ದರೆ ಈ ಗುರುತು ಸಿಗದು. ಆಗ ಪಕ್ಕದ ಮನೆಯಲ್ಲಿ `=ISNUMBER(B2)` ಎಂದು ಹಾಕಿ. TRUE ಬಂದರೆ ದಿನಾಂಕ, FALSE ಬಂದರೆ ಅಕ್ಷರ.)

ಶೀಟು ದಿನಾಂಕವನ್ನು ಒಳಗೆ ಒಂದು ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. 2024ರ ಮಾರ್ಚ್ 5 ಎಂದರೆ ಅದಕ್ಕೆ 45356. ಸಾರ್ಟ್ ಮಾಡುವಾಗ ನೋಡುವುದು ಈ ಎಣಿಕೆಯನ್ನು. 28/03/2024 ಕಂಡಾಗ 28ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅಕ್ಷರ ಎಂದು ಬಿಟ್ಟುಬಿಡುತ್ತದೆ. ಸಾರ್ಟ್‌ನಲ್ಲಿ ಎಣಿಕೆಗಳೆಲ್ಲ ಮೇಲೆ, ಅಕ್ಷರಗಳೆಲ್ಲ ಕೆಳಗೆ. ಕೆಳಗಿನ ಗುಂಪಿನಲ್ಲಿ ಮೊದಲ ಅಂಕಿ ನೋಡಿ ಜೋಡಿಸುವುದರಿಂದ ಏಪ್ರಿಲ್ 16 ಮೇಲೆ, ಮಾರ್ಚ್ 28 ಅದರ ಕೆಳಗೆ. ಈ ಗುಂಪು ಅಷ್ಟು ಅಪಾಯದ್ದಲ್ಲ, ಕಣ್ಣಿಗೆ ಕಾಣುತ್ತದೆ. ಅಪಾಯ ಇರುವುದು ದಿನ 12 ಅಥವಾ ಅದಕ್ಕಿಂತ ಕಡಿಮೆ ಇರುವ ಸಾಲುಗಳಲ್ಲಿ. 04/05/2024 ಎಂದು ಬರೆದ ಮೇ 4 ಸದ್ದಿಲ್ಲದೆ ಏಪ್ರಿಲ್ 5 ಆಗುತ್ತದೆ, ಬಲಗಡೆಗೆ ನೀಟಾಗಿ ಕೂರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ.

ದೇಶವನ್ನು ಭಾರತ ಎಂದು ಬದಲಿಸಿದರೆ ಸಾಲದೇ ಎಂದು ಹುಡುಗ ಕೇಳಿದ. File, ಅದರೊಳಗೆ Settings, ಅಲ್ಲಿ Locale. ಬದಲಿಸಲೇಬೇಕು, ಆದರೆ ಅದು ಮುಂದೆ ಬರೆಯುವುದಕ್ಕೆ ಮಾತ್ರ. ಈಗಾಗಲೇ ತಿರುಗಿ ಎಣಿಕೆಯಾಗಿ ಕೂತ ದಿನಾಂಕ ಅದರಿಂದ ಸರಿಯಾಗದು. ತಿಂಗಳು-ದಿನ ಅದಲುಬದಲು ಮಾಡುವ ಸೂತ್ರವೂ ಇದೆ. ಆದರೆ ಅದೇ ಕಾಲಂನಲ್ಲಿ ಯಾರೋ 2024-03-05 ಎಂದು ಬರೆದಿದ್ದರೆ ಅದು ಮೊದಲೇ ಸರಿಯಾಗಿ ಕೂತಿರುತ್ತದೆ, ಸೂತ್ರ ಅದನ್ನೂ ತಿರುಗಿಸಿ ಕೆಡಿಸುತ್ತದೆ. ಮೂಲ ಬರಹ ಸಿಗುವಂತಿದ್ದರೆ ಅಲ್ಲಿಗೇ ಹೋಗುವುದು ವಾಸಿ ಎಂಬುದು ನಮ್ಮ ಅಭಿಪ್ರಾಯ. ಹುಡುಗ ಮೊದಲು ಟೈಪ್ ಮಾಡಿದ್ದ ಸಂದೇಶ ಫೋನಿನಲ್ಲೇ ಇತ್ತು.

ಕಂಪ್ಯೂಟರಿನಲ್ಲಿ ಹೊಸ ಶೀಟ್ ತೆರೆದು, ಏನನ್ನೂ ಅಂಟಿಸುವ ಮೊದಲು B ಕಾಲಂ ಅನ್ನು Format, Number, Plain text ಎಂದು ಮಾಡಿದೆವು. ಆಮೇಲೆ ಸಂದೇಶದ ದಿನಾಂಕಗಳನ್ನು Paste special ಒಳಗಿನ Values only ಮೂಲಕ ಅಂಟಿಸಿದೆವು. ಈಗ ಎಲ್ಲವೂ ಎಡಕ್ಕೆ, ಬರೆದವರು ಹೇಗೆ ಬರೆದರೋ ಹಾಗೇ. ಈ ಕಾಲಂ ಅನ್ನು ಕೊನೆಯವರೆಗೂ ಮುಟ್ಟಲಿಲ್ಲ. ಮುಂದೆ ಯಾರಾದರೂ ಪ್ರಶ್ನೆ ಮಾಡಿದರೆ ತೋರಿಸಬೇಕಾದದ್ದು ಅದೇ.

C ಕಾಲಂನಲ್ಲಿ ಹಾಕಿದ್ದು ಇದು:

```
=SPLIT(B2,"/.-")
```

ಓರೆಗೆರೆ, ಚುಕ್ಕಿ, ಅಡ್ಡಗೆರೆ ಯಾವುದು ಸಿಕ್ಕಿದರೂ ಅಲ್ಲಿ ಕತ್ತರಿಸಿ ದಿನವನ್ನು C, ತಿಂಗಳನ್ನು D, ವರ್ಷವನ್ನು E ಕಾಲಂನಲ್ಲಿ ಇಡುತ್ತದೆ. F ಕಾಲಂನಲ್ಲಿ ಮೂರನ್ನೂ ಮತ್ತೆ ಕೂಡಿಸಿದೆವು:

```
=DATE(IF(E2<100,E2+2000,E2),D2,C2)
```

ನಡುವಿನ IF ಯಾಕೆ ಎಂದರೆ, ಬರೀ 24 ಎಂದು ಕೊಟ್ಟರೆ ಶೀಟು ಅದನ್ನು 1924 ಎಂದುಕೊಳ್ಳುತ್ತದೆ. ಕನ್ನಡ ಅಂಕಿಯ ಏಳು ಸಾಲುಗಳಲ್ಲಿ `#VALUE!` ಎಂದು ಬಂತು. ಅವನ್ನು C, D, E ಕಾಲಂಗಳಲ್ಲಿ ಕೈಯಿಂದ ತುಂಬಿದೆವು, ಏಳು ಸಾಲಿಗೆ ಇನ್ನೊಂದು ಸೂತ್ರ ಹುಡುಕುವ ಗೋಜು ಬೇಡ. F ಕಾಲಂ ಕಾಣುವ ರೀತಿಯನ್ನು `yyyy-mm-dd` ಮಾಡಿದೆವು. ವರ್ಷ ಮೊದಲು ಬಂದರೆ ನಡುವಿನದು ತಿಂಗಳೋ ದಿನವೋ ಎಂಬ ಗೊಂದಲವಿಲ್ಲ.

ಸಾರ್ಟ್‌ಗೆ ಮುಂಚೆ ಇನ್ನೊಂದು ಕೆಲಸ. D ಕಾಲಂನಲ್ಲಿ 12ಕ್ಕಿಂತ ದೊಡ್ಡ ಅಂಕಿ ಇದೆಯೇ, ಇಲ್ಲವೇ C ಕಾಲಂನಲ್ಲಿ ವರ್ಷ ಬಂದು ಕೂತಿದೆಯೇ ಎಂದು ನೋಡಬೇಕು. ಇದ್ದರೆ ಆ ಸಾಲಿನಲ್ಲಿ ತಿಂಗಳನ್ನೋ ವರ್ಷವನ್ನೋ ಮೊದಲು ಬರೆದಿದ್ದಾರೆ ಎಂದರ್ಥ. 13ನೇ ತಿಂಗಳು ಕೊಟ್ಟರೂ DATE ತಪ್ಪು ಎನ್ನುವುದಿಲ್ಲ, ಮುಂದಿನ ವರ್ಷದ ಜನವರಿಗೆ ದಾಟಿಸಿಬಿಡುತ್ತದೆ. ನಮ್ಮ ಪಟ್ಟಿಯಲ್ಲಿ ಅಂಥದ್ದು ಸಿಗಲಿಲ್ಲ.

ಆದರೂ 04/05 ಮೇ 4 ಎಂದು ಸೂತ್ರಕ್ಕೆ ಹೇಳಿದ್ದು ನಾವು. ಅದನ್ನು ಬೇರೆ ಕಡೆಯಿಂದ ಖಚಿತಪಡಿಸಿಕೊಳ್ಳಬೇಕಿತ್ತು. ಸಂಘದ ಪುಸ್ತಕದಲ್ಲಿ ದಿನಾಂಕದ ಪಕ್ಕ ವಾರವನ್ನೂ ಬರೆಯುವ ರೂಢಿಯಿತ್ತು, ಬರೆದ ಅಕ್ಕನಿಗೆ ಮನಸ್ಸಿನಲ್ಲೇ ಕೈಮುಗಿದೆವು. ಆ ಸಾಲಿನಲ್ಲಿ ಶನಿವಾರ ಎಂದಿತ್ತು. ಶೀಟಿನಲ್ಲಿ `=TEXT(F2,"dddd")` ಎಂದರೆ ವಾರ ಬರುತ್ತದೆ. 2024ರ ಮೇ 4 ಶನಿವಾರ, ಏಪ್ರಿಲ್ 5 ಶುಕ್ರವಾರ. ವಾರ ಬರೆಯದ ಕಡೆ ಪುಸ್ತಕದಲ್ಲಿ ಹಿಂದಿನ, ಮುಂದಿನ ಸಾಲು ಯಾವ ದಿನದ್ದು ಎಂದು ನೋಡಿಕೊಂಡೆವು.

ಆಮೇಲೆ ಇಡೀ ಪಟ್ಟಿಯನ್ನು ಹಿಡಿದು F ಕಾಲಂ ಪ್ರಕಾರ ಸಾರ್ಟ್ ಮಾಡಿದೆವು. ಒಂದೇ ಕಾಲಂ ಹಿಡಿದರೆ ದಿನಾಂಕ ಒಬ್ಬರದು, ಲೋಡು ಇನ್ನೊಬ್ಬರದು ಆಗಿಬಿಡುತ್ತದೆ. ಮಾರ್ಚ್ 28ರ ಕೆಳಗಿನ ಸಾಲೇ ಏಪ್ರಿಲ್ 16. ನಡುವೆ 18 ದಿನ ಮೂವರ ಬರಹದಲ್ಲೂ ಒಂದು ಲೋಡೂ ಇಲ್ಲ. ಯುಗಾದಿ ಏಪ್ರಿಲ್ 9ಕ್ಕೆ.

ಪಟ್ಟಿಯನ್ನು, ಮುಟ್ಟದೆ ಬಿಟ್ಟ B ಕಾಲಂ ಸಮೇತ, ಟ್ಯಾಂಕರಿನವರಿಗೂ ತೋರಿಸಿದೆವು. ಬಿಲ್ ನೋಡಿ ಹೇಳುತ್ತೇವೆ ಎಂದರು. ಆ 18 ದಿನದ ಬಿಲ್ಲಿನ ಪ್ರತಿ ಕೇಳಿ ಊರವರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು. ಅರ್ಜಿಯಲ್ಲಿ ತಿಂಗಳನ್ನು ಅಂಕಿಯಲ್ಲಿ ಬರೆಯದೆ, "2024ರ ಮಾರ್ಚ್ 29ರಿಂದ ಏಪ್ರಿಲ್ 15ರವರೆಗೆ" ಎಂದು ಅಕ್ಷರದಲ್ಲೇ ಬರೆಸಿದೆವು.