ಮೇಲಧಿಕಾರಿಯ ಸ್ನೇಹಕೋರಿಕೆ

ಮೇಲಧಿಕಾರಿ ಮನೆಯ ಬಾಗಿಲಿಗೆ ಬಂದರೆ ಕುರ್ಚಿ ಹಾಕಿ ಕಾಫಿ ಕೊಡಬಹುದು. ಅವರು ಫೇಸ್‌ಬುಕ್ಕಿನ ಬಾಗಿಲನ್ನು ತಟ್ಟಿದರೆ ಮಾಡುವುದೇನು? ಬೆಂಗಳೂರಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದ ಗೃಹಿಣಿಯೊಬ್ಬಳಿಗೆ ಈ ಪ್ರಶ್ನೆ ಎದುರಾದದ್ದು ಮಾರ್ಚಿ ತಿಂಗಳಿನಲ್ಲಿ, ಸಂಬಳದ ಬಡ್ತಿ ನಿರ್ಧಾರವಾಗುವ ಹೊತ್ತಿನಲ್ಲಿ.

ಅಧಿಕಾರಿಗಳು ಸಜ್ಜನರು, ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಫೋನಿನಲ್ಲಿರುವ ನಂಬರುಗಳನ್ನು ಹಿಡಿದು ಪರಿಚಿತರ ಹೆಸರುಗಳನ್ನು ತಾನಾಗಿ ಮುಂದಿಡುವುದು ಫೇಸ್‌ಬುಕ್ಕಿನ ಚಾಳಿ. ಕಂಡ ಹೆಸರನ್ನು ಅವರು ಒತ್ತಿದ್ದರು, ಅಷ್ಟೆ. ಆಕೆಯ ಪುಟದಲ್ಲಿ ಮುಚ್ಚಿಡುವಂಥದೇನೂ ಇರಲಿಲ್ಲ. ಆದರೆ ಅಲ್ಲಿ ಅತ್ತೆಯ ಕಾಯಿಲೆಯ ಮಾತಿತ್ತು. ರಾಜಕೀಯದ ಬಗೆಗೆ ತಮ್ಮನ ಬಿರುನುಡಿಗಳಿದ್ದವು. ಅವನ್ನು ಅಧಿಕಾರಿ ಓದುತ್ತಾರೆಂದಾದ ಮೇಲೆ ಒಂದೊಂದು ಅಕ್ಷರವನ್ನೂ ತೂಗಿ ಬರೆಯಬೇಕಾದೀತು.

ಉತ್ತರಿಸದೆ ಸುಮ್ಮನಿರೋಣವೆಂದು ಆಕೆಗೆ ಮೊದಲು ಅನ್ನಿಸಿತು. ಅದು ಸರಿಯಾದ ಉಪಾಯವಲ್ಲ. ಬಾಕಿ ಉಳಿದ ಕೋರಿಕೆ ಅವರ ಕಣ್ಣಿಗೂ ಬಾಕಿಯಾಗಿಯೇ ಕಾಣುತ್ತಿರುತ್ತದೆ, ದಿನಗಳೆದಂತೆ ಅಸಡ್ಡೆಯೆನಿಸುತ್ತದೆ. "ನಾನು ಫೇಸ್‌ಬುಕ್ ನೋಡುವುದೇ ಇಲ್ಲ" ಎನ್ನುವುದು ಇನ್ನೂ ಕೆಡುಕು. ಯಾರದೋ ಚಿತ್ರದ ಕೆಳಗೆ ಬರೆದ ಒಂದು ಮೆಚ್ಚುಗೆಯ ಸಾಲು ಸುಳ್ಳನ್ನು ಬಯಲಿಗೆಳೆದೀತು. ಆಕೆ Delete ಒತ್ತಿದಳು. ಹಾಗೆ ಒತ್ತಿದಾಗ ಕಳುಹಿಸಿದವರಿಗೆ ಸೂಚನೆಯೇನೂ ಹೋಗದು. ಆದರೆ ಅವರು ಮತ್ತೆ ಪುಟವನ್ನು ತೆರೆದರೆ ಸ್ನೇಹ ಕೂಡಿಬಂದಿಲ್ಲವೆಂಬುದು ತಿಳಿದೇ ತಿಳಿಯುತ್ತದೆ. ಆದುದರಿಂದ ಅವರಾಗಿ ಕಾಣುವ ಮೊದಲೇ ತಾನಾಗಿ ಹೇಳಬೇಕು.

ತೊಡಕೊಂದಿತ್ತು. ಪಕ್ಕದ ಮೇಜಿನ ಸಹೋದ್ಯೋಗಿನಿ ಆಕೆಯ ಸ್ನೇಹಿತರ ಪಟ್ಟಿಯಲ್ಲಿದ್ದಳು. "ಕಛೇರಿಯವರು ಯಾರೂ ಇಲ್ಲ" ಎಂದರೆ ಅದು ಸುಳ್ಳಾಗುತ್ತಿತ್ತು. ತಾನು ನಿಜವಾಗಿ ಪಾಲಿಸಬಲ್ಲ ನಿಯಮವನ್ನಷ್ಟೆ ಹೇಳುವುದು ಲೇಸೆಂದು ಆಕೆ ಬಗೆದಳು.

ಮರುದಿನ ಕಾಫಿಯ ಹೊತ್ತಿನಲ್ಲಿ, ಸುತ್ತ ಯಾರೂ ಇಲ್ಲದಾಗ, ಆಕೆಯೇ ಮಾತು ತೆಗೆದಳು: "ಸರ್, ನಿಮ್ಮ ಕೋರಿಕೆ ನೋಡಿ ಸಂತೋಷವಾಯಿತು. ನನಗೆ ಕೆಲಸ ವಹಿಸುವವರನ್ನೂ ನಾನು ಕೆಲಸ ವಹಿಸುವವರನ್ನೂ ಅಲ್ಲಿ ಸೇರಿಸಿಕೊಳ್ಳದಿರುವುದು ನನ್ನ ಪದ್ಧತಿ. ಅದು ಮನೆಯವರ ಹರಟೆಕಟ್ಟೆ. ಲಿಂಕ್ಡ್‌ಇನ್‌ನಲ್ಲಿ ನಾನೇ ನಿಮಗೆ ಕೋರಿಕೆ ಕಳುಹಿಸಿದ್ದೇನೆ." ಅಷ್ಟಕ್ಕೇ ನಿಲ್ಲಿಸಿ, ಮೊಮ್ಮಗನ ಉಪನಯನದ ಫೋಟೋಗಳನ್ನು ತೋರಿಸಿರೆಂದು ಕೇಳಿದಳು. ಕ್ಷಮೆಯನ್ನು ಎರಡು ಬಾರಿ ಕೇಳಿದ್ದರೆ ಅಪರಾಧವೇನೋ ನಡೆದಂತೆ ತೋರುತ್ತಿತ್ತು.

"ಅಯ್ಯೋ, ಅದು ಹೋದದ್ದೇ ನನಗೆ ಗೊತ್ತಿಲ್ಲಮ್ಮ!" ಎಂದು ಅವರು ನಕ್ಕು ಫೋನು ತೆಗೆದರು. ಗೊತ್ತಿತ್ತೋ ಇಲ್ಲವೋ, ಹಾಗೆಂದದ್ದು ಅವರ ದೊಡ್ಡತನ.

ಎಲ್ಲ ಅಧಿಕಾರಿಗಳೂ ಹೀಗಿರುವುದಿಲ್ಲವೆಂಬುದೇನೋ ದಿಟ. ಮುನಿಸಿಕೊಳ್ಳುವವರಾದರೆ ಕೋರಿಕೆಯನ್ನು ಒಪ್ಪಿ, ಅವರ ಹೆಸರನ್ನು Restricted ಎಂಬ ಪಟ್ಟಿಗೆ ಸೇರಿಸಬಹುದು. ಆಗ ಎಲ್ಲರಿಗೂ ತೆರೆದಿಟ್ಟ ಬರಹಗಳು ಮತ್ತು ಅವರನ್ನೇ ಟ್ಯಾಗ್ ಮಾಡಿದ ಬರಹಗಳು ಮಾತ್ರ ಅವರಿಗೆ ಕಾಣುತ್ತವೆ. ಪಟ್ಟಿಗೆ ಸೇರಿಸಿದ ಸುದ್ದಿ ಅವರಿಗೆ ಹೋಗುವುದಿಲ್ಲ. ಆದರೆ ಇಬ್ಬರಿಗೂ ಪರಿಚಿತರಾದವರ ಬರಹದ ಕೆಳಗೆ ಆಡಿದ ಮಾತಿಗೆ ಆ ಪಟ್ಟಿಯ ಮರೆಯಿಲ್ಲ. ಅಲ್ಲಿ ಕೈ ಬಿಗಿಹಿಡಿದೇ ಬರೆಯಬೇಕು.