ಕೇಳಿದ್ದಕ್ಕೆ ಉತ್ತರವಲ್ಲ

ಮೌಖಿಕ ಪರೀಕ್ಷೆಯಲ್ಲಿ ಉತ್ತರ ಬಾರದ ಹುಡುಗರು ಎರಡು ಬಗೆ. ಒಬ್ಬ ತಲೆ ತಗ್ಗಿಸಿ ಸುಮ್ಮನೆ ನಿಲ್ಲುತ್ತಾನೆ. ಇನ್ನೊಬ್ಬ ಕೇಳಿದ್ದನ್ನು ಬಿಟ್ಟು ತನಗೆ ಬರುವುದನ್ನು ನಿರರ್ಗಳವಾಗಿ ಹೇಳತೊಡಗುತ್ತಾನೆ. ಎರಡನೆಯವನನ್ನು ಕಂಡರೆ ನನಗೆ ಒಳಗೊಳಗೇ ಪ್ರೀತಿ. ಕೃಷ್ಣದೇವರಾಯನ ಆಡಳಿತ ವ್ಯವಸ್ಥೆಯನ್ನು ಕೇಳಿದರೆ ಹಂಪಿಯ ಕಲ್ಲಿನ ರಥವನ್ನು ವರ್ಣಿಸುತ್ತಿದ್ದ ಅಂಥ ಒಬ್ಬ ಶಿಷ್ಯನಿಗೆ ನಾನು ನಗುತ್ತಲೇ ಅಂಕ ಕೊಟ್ಟದ್ದುಂಟು. ಸುಮಾರು ಮೂವತ್ತು ವರ್ಷಗಳ ಬಳಿಕ, 2023ರ ಶ್ರಾವಣದಲ್ಲಿ, ಅವನೇ ಮತ್ತೊಮ್ಮೆ ನನ್ನ ಎದುರು ನಿಂತ; ಈ ಬಾರಿ ವಾಟ್ಸಾಪಿನಲ್ಲಿ.

ನನ್ನ ತಂಗಿ ಗಂಡನನ್ನು ಕಳೆದುಕೊಂಡವಳು. ಭಾವನವರ ನಿವೃತ್ತಿ ಹಣದಲ್ಲಿ ಉಳಿದಿದ್ದ ಮೊತ್ತಕ್ಕೆ ಮೈಸೂರಿನಾಚೆ ಒಂದು ಹೊಸ ಬಡಾವಣೆಯಲ್ಲಿ ಮೂವತ್ತು-ನಲವತ್ತರ ನಿವೇಶನ ಕೊಳ್ಳಬೇಕೆಂದು ಅವಳಿಗೆ ಮನಸ್ಸಾಯಿತು. ಬೆಲೆ ಹದಿನೆಂಟು ಲಕ್ಷ, ಮುಂಗಡ ಎರಡು ಲಕ್ಷ. ನಿವೇಶನ ಮಾರಿಸಿಕೊಡುವ ಮಧ್ಯವರ್ತಿ ನನ್ನ ಆ ಶಿಷ್ಯನೇ ಎಂದು ತಿಳಿದಾಗ, ‘ಅಣ್ಣಾ, ನಿನ್ನ ಹುಡುಗನೇ ಅಂದಮೇಲೆ ಇನ್ನೇನು ಯೋಚನೆ, ನೀನೇ ಒಂದು ಮಾತು ಕೇಳಿಬಿಡು’ ಎಂದಳು.

ನಾನು ಕೇಳಬೇಕಾದುದು ಒಂದೇ ಪ್ರಶ್ನೆಯಾಗಿತ್ತು. ಕೃಷಿ ಜಮೀನನ್ನು ವಸತಿಗೆ ಬಳಸಬೇಕಾದರೆ ಕರ್ನಾಟಕ ಭೂಕಂದಾಯ ಕಾಯಿದೆಯಡಿ ಜಿಲ್ಲಾಧಿಕಾರಿಗಳ ಭೂಪರಿವರ್ತನೆ ಆದೇಶ ಬೇಕು. ಅದಿಲ್ಲದೆ ಹೊಲಕ್ಕೆ ಕಲ್ಲು ನೆಟ್ಟು ಹಂಚಿದ ತುಂಡುಗಳನ್ನೇ ಜನ ‘ರೆವಿನ್ಯೂ ಸೈಟು’ ಎನ್ನುವುದು. ಅಂಥದ್ದನ್ನು ಕೊಂಡವರು ಖಾತೆಗಾಗಿ, ಮನೆಯ ನಕ್ಷೆಗಾಗಿ, ಬ್ಯಾಂಕಿನ ಸಾಲಕ್ಕಾಗಿ ವರ್ಷಗಟ್ಟಲೆ ಅಲೆದಾಡಿದ್ದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಆದ್ದರಿಂದ ಬರೆದೆ: ‘ಆ ಜಮೀನಿಗೆ ಭೂಪರಿವರ್ತನೆ ಆದೇಶ ಆಗಿದೆಯೇನಪ್ಪಾ? ಯಾವ ನಿವೇಶನಗಳು ಉಳಿದಿವೆ?’

ಇದು ನನ್ನ ಮೊದಲ ತಪ್ಪು. ಒಂದೇ ಸಂದೇಶದಲ್ಲಿ ಎರಡು ಪ್ರಶ್ನೆಗಳನ್ನಿಟ್ಟರೆ ಎದುರಿನವನು ಸುಲಭವಾದುದನ್ನು ಆರಿಸಿಕೊಳ್ಳುತ್ತಾನೆ, ಮತ್ತೊಂದು ತಾನಾಗಿ ಜಾರಿಹೋಗುತ್ತದೆ. ಅರ್ಧ ನಿಮಿಷದಲ್ಲಿ ಉತ್ತರ ಬಂತು: ‘ಎಲ್ಲಾ ಪೇಪರ್ ಕ್ಲಿಯರ್ ಇದೆ ಸಾರ್. ಅಮ್ಮನವರಿಗೆ ಈಶಾನ್ಯದ ಕಾರ್ನರ್ ಸೈಟೇ ಕೊಡಿಸ್ತೀನಿ. ಎರಡೇ ಉಳಿದಿವೆ.’ ‘ಎಲ್ಲಾ’ ಎಂಬುದು ದೊಡ್ಡ ಪದವಾದರೂ ಅದರೊಳಗೆ ನಾನು ಕೇಳಿದ್ದು ಇತ್ತೋ ಇಲ್ಲವೋ ತಿಳಿಯುವ ಬಗೆಯಿರಲಿಲ್ಲ.

ಮರುದಿನ ತಿದ್ದಿಕೊಂಡೆ. ಹೌದು-ಅಲ್ಲ ಎನ್ನಬಹುದಾದ ಪ್ರಶ್ನೆಯ ಬದಲು, ಅಂಕಿಯಲ್ಲೇ ಉತ್ತರಿಸಬೇಕಾದ ಪ್ರಶ್ನೆ: ‘ಭೂಪರಿವರ್ತನೆ ಆದೇಶದ ಸಂಖ್ಯೆ ಮತ್ತು ದಿನಾಂಕ ಕಳುಹಿಸು.’ ನಾಲ್ಕು ಗಂಟೆಗಳ ಅನಂತರ ಒಂಬತ್ತು ಛಾಯಾಚಿತ್ರಗಳು ಬಂದವು. ಟಾರು ಹಾಕಿದ ರಸ್ತೆ, ವಿದ್ಯುತ್ ಕಂಬಗಳು, ಹೆಬ್ಬಾಗಿಲಿನ ಫಲಕ. ಚೆನ್ನಾಗಿಯೇ ಇದ್ದವು. ಮೂರನೆಯ ಸಲ ಕೇಳಿದೆ. ಆಗ ಅವನು ಬರೆದದ್ದನ್ನು ಓದಿ ನನ್ನ ಮನಸ್ಸು ಕರಗಿಹೋಯಿತು. ‘ಸಾರ್, ನೀವು ಪಾಠ ಮಾಡಿದ ವಿಜಯನಗರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮನವರ ಮಂಡಿನೋವು ಹೇಗಿದೆ?’ ನನ್ನ ಹೆಂಡತಿಯ ಮಂಡಿಯ ಬಗ್ಗೆ, ವೈದ್ಯರು ಹೇಳಿದ ವ್ಯಾಯಾಮಗಳ ಬಗ್ಗೆ, ನಾನು ಅರ್ಧ ಪುಟ ಬರೆದು ಕಳುಹಿಸಿದೆ. ನಾನು ಕೇಳಿದ್ದ ಪ್ರಶ್ನೆ ನನಗೇ ಮರೆತುಹೋಗಿತ್ತು.

ವಿಷಯಾಂತರ ಮಾಡುವವನ ಜಾಣ್ಮೆಯನ್ನು ನಾವು ದೊಡ್ಡದು ಮಾಡುತ್ತೇವೆ. ನಿಜಕ್ಕೂ ಅರ್ಧ ಕೆಲಸವನ್ನು ಕೇಳುಗನ ಮರೆವೇ ಮಾಡಿಕೊಡುತ್ತದೆ. ಟಾಡ್ ರಾಜರ್ಸ್ ಮತ್ತು ಮೈಕೆಲ್ ನಾರ್ಟನ್ ಎಂಬ ಅಮೆರಿಕದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು. ಚರ್ಚೆಯೊಂದರಲ್ಲಿ ಅಭ್ಯರ್ಥಿಯು ಆರೋಗ್ಯ ಸೇವೆಯ ಬಗ್ಗೆ ಕೊಟ್ಟ ಒಂದೇ ಉತ್ತರವನ್ನು ಬೇರೆ ಬೇರೆ ಪ್ರಶ್ನೆಗಳಿಗೆ ಜೋಡಿಸಿ ಜನರಿಗೆ ಕೇಳಿಸಿದರು. ಭಯೋತ್ಪಾದನೆಯ ಪ್ರಶ್ನೆಗೆ ಆ ಉತ್ತರ ಬಂದಾಗ ಕೇಳುಗರಿಗೆ ತಪ್ಪಿಸಿಕೊಂಡದ್ದು ತಿಳಿಯಿತು. ಮಾದಕ ವಸ್ತುಗಳ ಪ್ರಶ್ನೆಗೆ ಅದೇ ಉತ್ತರ ಬಂದಾಗ ಬಹಳ ಜನರಿಗೆ ತಿಳಿಯಲೇ ಇಲ್ಲ. ವಿಷಯ ಹತ್ತಿರದ್ದಾದರೆ ಸಾಕು, ಕಿವಿ ಒಪ್ಪಿಬಿಡುತ್ತದೆ. ಆದರೆ ಉತ್ತರ ನಡೆಯುತ್ತಿರುವಾಗ ಮೂಲ ಪ್ರಶ್ನೆಯನ್ನು ತೆರೆಯ ಮೇಲೆ ಬರೆದು ತೋರಿಸಿದಾಗ, ತಪ್ಪಿಸಿಕೊಳ್ಳುವಿಕೆಯನ್ನು ಗುರುತಿಸಿದವರು ಹೆಚ್ಚಾದರು. ಮೊಬೈಲಿನ ಹರಟೆಯಲ್ಲಿ ಈ ಅನುಕೂಲ ನಮಗೆ ಪುಕ್ಕಟೆಯಾಗಿ ದೊರೆತಿದೆ. ಕೇಳಿದ್ದು ಗಾಳಿಗೆ ಹೋಗುವುದಿಲ್ಲ, ಮೇಲೆಯೇ ಕುಳಿತಿರುತ್ತದೆ. ಆದರೆ ನಾವು ಕೊನೆಯ ಸಾಲನ್ನಷ್ಟೇ ಓದುವವರು.

ಅಂದು ಸಂಜೆ ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ತಿದ್ದುವವನಂತೆ, ಆ ಸಂಭಾಷಣೆಯನ್ನು ಮೊದಲಿನಿಂದ ಓದಿದೆ. ನನ್ನ ಪ್ರಶ್ನೆಗಳನ್ನು ಒಂದು ಚೀಟಿಯ ಎಡಕ್ಕೆ, ಅವನ ಉತ್ತರಗಳನ್ನು ಬಲಕ್ಕೆ ಬರೆದೆ. ಎಡಗಡೆ ಮೂರು ಸಲ ಒಂದೇ ಮಾತು. ಬಲಗಡೆ ಈಶಾನ್ಯ ಮೂಲೆ, ರಸ್ತೆ, ಮಂಡಿನೋವು. ಬೇರೆ ಸಂಗತಿಗಳಿಗೆ ನಿಮಿಷದೊಳಗೆ ಉತ್ತರಿಸುತ್ತಿದ್ದವನು ಆ ಒಂದಕ್ಕೆ ಮಾತ್ರ ಗಂಟೆಗಳನ್ನು ತೆಗೆದುಕೊಂಡಿದ್ದ. ತಡವೊಂದೇ ಆಗಿದ್ದರೆ ಏನನ್ನೂ ಹೇಳಲಾಗದು, ಮನುಷ್ಯನಿಗೆ ನೂರು ಕೆಲಸಗಳಿರುತ್ತವೆ. ಒಂದೇ ಪ್ರಶ್ನೆಯ ಬಳಿ ಮಾತ್ರ ಮತ್ತೆ ಮತ್ತೆ ತಡವಾಗುವುದು, ಬಂದ ಉತ್ತರವೂ ಪಕ್ಕದ ವಿಷಯಕ್ಕೇ ಹೋಗುವುದು, ಇವೆರಡೂ ಸೇರಿದಾಗ ಗಮನಿಸಬೇಕಾಗುತ್ತದೆ.

ನಮ್ಮ ನ್ಯಾಯಶಾಸ್ತ್ರದವರು ಇದನ್ನು ಎಂದೋ ಗುರುತಿಸಿ ಹೆಸರಿಟ್ಟಿದ್ದಾರೆ. ವಾದದಲ್ಲಿ ಸೋಲನ್ನು ಸೂಚಿಸುವ ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ನ್ಯಾಯಸೂತ್ರದ ಐದನೆಯ ಅಧ್ಯಾಯ ಎಣಿಸುತ್ತದೆ. ಅವುಗಳಲ್ಲಿ ಒಂದು ಅರ್ಥಾಂತರ, ಎಂದರೆ ಪ್ರಕೃತಕ್ಕೆ ಸಂಬಂಧವಿಲ್ಲದ ಮಾತನ್ನೆತ್ತುವುದು. ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉದಾಹರಣೆ ರಸವತ್ತಾಗಿದೆ: ಶಬ್ದವು ನಿತ್ಯವೆಂದು ಸಾಧಿಸಲು ಹೊರಟವನು ಹೇತುವನ್ನು ಹೇಳಿ, ಕೂಡಲೇ ‘ಹೇತು’ ಎಂಬ ಪದ ಯಾವ ಧಾತುವಿಗೆ ಯಾವ ಪ್ರತ್ಯಯ ಸೇರಿ ಆಯಿತೆಂದು ವ್ಯಾಕರಣ ಬಿಚ್ಚತೊಡಗುತ್ತಾನೆ. ಹೇಳಿದ್ದೆಲ್ಲ ಸರಿಯೇ, ಕೇಳಿದ್ದು ಮಾತ್ರ ಅದಲ್ಲ. ಇನ್ನೊಂದು ವಿಕ್ಷೇಪ: ಬೇರೆ ಕೆಲಸವಿದೆಯೆಂದು ನೆಪ ಹೇಳಿ ವಾದವನ್ನು ನಡುವೆಯೇ ಕಡಿದುಕೊಳ್ಳುವುದು. ನಾಲ್ಕನೆಯ ಸಲ ನಾನು ಕೇಳಿದಾಗ ಬಂದ ಉತ್ತರ ಇದು: ‘ಒಂದು ರಿಜಿಸ್ಟ್ರೇಷನ್‌ಗೆ ಹೊರಟಿದ್ದೀನಿ ಸಾರ್, ಆಮೇಲೆ ಮಾತಾಡ್ತೀನಿ.’ ಅರ್ಥಾಂತರದಿಂದ ವಿಕ್ಷೇಪಕ್ಕೆ ಬಂದಾಯಿತು ಎಂದುಕೊಂಡೆ.

ಐದನೆಯ ಸಲ ಹೊಸದಾಗಿ ಏನನ್ನೂ ಬರೆಯಲಿಲ್ಲ. ನನ್ನ ಹಳೆಯ ಪ್ರಶ್ನೆಯನ್ನೇ ಒತ್ತಿ ಹಿಡಿದು, ರಿಪ್ಲೈ ಎಂಬುದನ್ನು ಆರಿಸಿ, ಅದರ ಕೆಳಗೆ ‘ಇದೊಂದು ಉಳಿಯಿತು’ ಎಂದಷ್ಟೇ ಸೇರಿಸಿದೆ. ಹೀಗೆ ಮಾಡಿದರೆ ಮೂಲ ಪ್ರಶ್ನೆ ಮತ್ತೆ ಇಬ್ಬರ ಕಣ್ಣೆದುರಿಗೂ ಬಂದು ನಿಲ್ಲುತ್ತದೆ. ದನಿಯಲ್ಲಿ ಸಿಟ್ಟೂ ಇರುವುದಿಲ್ಲ. ಎರಡು ನೀಲಿ ಗುರುತುಗಳು ಬಿದ್ದವು. ಬರೆಯುತ್ತಿದ್ದಾನೆಂದು ತೋರಿತು, ನಿಂತಿತು, ಮತ್ತೆ ತೋರಿತು. ಬಂದದ್ದು: ‘ನನ್ನ ಮೇಲೇ ಅನುಮಾನವೇ ಸಾರ್?’

ಕಾಗದದ ಪ್ರಶ್ನೆ ಹೀಗೆ ನಂಬಿಕೆಯ ಪ್ರಶ್ನೆಯಾಗಿ ಬದಲಾದಾಗಲೇ ಬಹುಮಂದಿ ಸೋಲುತ್ತಾರೆ. ‘ಛೆ, ಹಾಗಲ್ಲಪ್ಪಾ’ ಎಂದು ಸಮಾಧಾನ ಹೇಳಲು ನನ್ನ ಬೆರಳೂ ಹೊರಟಿತ್ತು. ಹೇಳಿದ್ದರೆ ಮತ್ತೆ ಕೇಳುವ ಹಕ್ಕನ್ನು ಬಿಟ್ಟುಕೊಟ್ಟಂತಾಗುತ್ತಿತ್ತು. ಅದಕ್ಕೆ ಉತ್ತರಿಸದೆ, ಅವನೇ ಕಳುಹಿಸಿದ್ದ ಚಿತ್ರಗಳನ್ನು ತೆರೆದೆ. ಹೆಬ್ಬಾಗಿಲಿನ ಫಲಕದ ಮೂಲೆಯಲ್ಲಿ ಸರ್ವೆ ನಂಬರು ಸಣ್ಣದಾಗಿ ಕಾಣುತ್ತಿತ್ತು. ಪಕ್ಕದ ಮನೆಯ ಹುಡುಗಿ ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಪಹಣಿ ತೆಗೆದುಕೊಟ್ಟಳು. ಜಮೀನು ಇನ್ನೂ ಕೃಷಿ ಜಮೀನಾಗಿಯೇ ಇತ್ತು. ಋಣದ ಅಂಕಣದಲ್ಲಿ ಬೆಳೆಸಾಲವೊಂದು ನಮೂದಾಗಿತ್ತು. ಆ ಬಡಾವಣೆಯ ಹೆಸರು ಕರ್ನಾಟಕ ರೇರಾದ ಜಾಲತಾಣದಲ್ಲಿಯೂ ಸಿಗಲಿಲ್ಲ. ಎಂಟಕ್ಕಿಂತ ಹೆಚ್ಚು ನಿವೇಶನಗಳ, ಐನೂರು ಚದರ ಮೀಟರು ಮೀರಿದ ಬಡಾವಣೆ ಅಲ್ಲಿ ನೋಂದಣಿಯಾಗದೆ ಮಾರಾಟಕ್ಕೆ ಬರುವಂತಿಲ್ಲ.

ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ನಾನೂ ವಿಷಯ ತಪ್ಪಿಸಿದಂತಾದೀತು. ವಿಷಯ ಬದಲಿಸುವವರೆಲ್ಲ ಮೋಸಗಾರರಲ್ಲ. 2019ರಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಗೆ ‘ಬಯಾಪ್ಸಿ ವರದಿ ಏನೆಂದು ಬಂತು?’ ಎಂದು ಕೇಳಿದ್ದೆ. ಪದಬಂಧದ ಚಿತ್ರ ಕಳುಹಿಸಿದರು. ಮತ್ತೆ ಕೇಳಿದಾಗ ಕ್ರಿಕೆಟ್ಟಿನ ಮಾತೆತ್ತಿದರು. ನಾನು ಬಿಡದೆ ಮೂರನೆಯ ಸಲವೂ ಕೇಳಿದೆ. ಆಮೇಲೆ ಅವರು ಬರೆಯುವುದನ್ನೇ ನಿಲ್ಲಿಸಿದರು. ವರದಿಯಲ್ಲಿ ಏನಿತ್ತೆಂಬುದು ಎರಡು ತಿಂಗಳ ಬಳಿಕ ಅವರ ಮಗನಿಂದ ತಿಳಿಯಿತು. ಅಲ್ಲಿಯೂ ಅದೇ ಅರ್ಥಾಂತರ, ಅದೇ ತಡ. ಆದರೆ ಆ ಸಂಗತಿ ಅವರದು, ಅದನ್ನು ಹೇಳುವ ಬಿಡುವ ಹಕ್ಕೂ ಅವರದೇ. ಉತ್ತರ ಸಿಗದಿದ್ದರೆ ನನಗೆ ಆಗುವ ನಷ್ಟವೇನೂ ಇರಲಿಲ್ಲ. ಶಿಷ್ಯನ ವಿಷಯದಲ್ಲಿ ಮೌನದ ಬೆಲೆಯನ್ನು ತೆರಬೇಕಾದವಳು ನನ್ನ ತಂಗಿ. ಮತ್ತೆ ಕೇಳಬೇಕೋ ಬಿಡಬೇಕೋ ಎಂಬುದನ್ನು ಈಗ ನಾನು ಇದರಿಂದಲೇ ನಿರ್ಧರಿಸುತ್ತೇನೆ. ಆ ಸ್ನೇಹಿತರಲ್ಲಿ ಕ್ಷಮೆ ಕೇಳಲು ನನಗೆ ಸಮಯ ಸಿಗಲಿಲ್ಲ.

ಪಹಣಿಯ ಪ್ರತಿಯನ್ನು ಶಿಷ್ಯನಿಗೆ ಕಳುಹಿಸಿ ಬೇರೇನೂ ಬರೆಯದೆ ಕಾದೆ. ರಾತ್ರಿ ಹತ್ತರ ಮೇಲೆ ಉತ್ತರ ಬಂತು. ‘ಅರ್ಜಿ ಹಾಕಿದ್ದಾರಂತೆ ಸಾರ್, ಆರ್ಡರ್ ಇನ್ನೂ ಬಂದಿಲ್ಲ. ಮುಂಗಡ ಬಂದರೆ ಮಾತ್ರ ನನಗೆ ಕಮಿಷನ್. ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು.’ ಕೇಳಿದ ಪ್ರಶ್ನೆಗೆ ಅವನು ಕೊಟ್ಟ ಮೊದಲ ನೇರ ಉತ್ತರ ಅದೇ. ಎಷ್ಟು ಬೇಕಿತ್ತೆಂದು ಕೇಳೋಣವೆನಿಸಿತು, ಕೇಳಲಿಲ್ಲ.

ತಂಗಿ ಆ ಹಣವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟಳು. ಈಗಲೂ ಆ ದಾರಿಯಲ್ಲಿ ಬಸ್ಸು ಹೋಗುವಾಗ, ‘ಅಣ್ಣಾ, ಈಶಾನ್ಯದ ಮೂಲೆ ಆಗಿತ್ತು’ ಎಂದು ಕಿಟಕಿಯತ್ತ ಬಾಗುತ್ತಾಳೆ. ಶಿಷ್ಯ ದೀಪಾವಳಿಗೆ ತಪ್ಪದೆ ಶುಭಾಶಯ ಕಳುಹಿಸುತ್ತಾನೆ. ಕೊನೆಗೊಂದು ಸಾಲು, ಅಮ್ಮನವರ ಮಂಡಿ ಹೇಗಿದೆ ಎಂದು. ಅದಕ್ಕೆ ನಾನು ವಿವರವಾಗಿಯೇ ಉತ್ತರ ಬರೆಯುತ್ತೇನೆ.